ಸೊನ್ನೆಯಿಂದ ಇಪ್ಪತ್ತೆರಡು

ಆ ಶನಿವಾರ ಮಧ್ಯಾಹ್ನ ನಾನು ಮೊದಲ ಪಾಳಿ ಮುಗಿಸಿ ಮನೆಗೆ ಬಂದಾಗ ಅಕ್ಕ ವಿಸಿಆರ್ ಮುಂದೆ ಕೂತು ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದಳು. ಹಿಂದಿನ ದಿನ ಪಕ್ಕದ ಮನೆಯವರು ಬಂದು ಅದರಲ್ಲಿ ಒಂದು ಸಿನಿಮಾ ನೋಡಿ ಹೋಗಿದ್ದರು. ಹಾಗಾಗಿ ನಾವು ಇಟ್ಟುಕೊಂಡಿದ್ದ ಸೊನ್ನೆ ಕಳೆದುಹೋಗಿತ್ತು.

ಸೊನ್ನೆ ಎಂದರೆ ಏನೆಂದು ಹೇಳಬೇಕು. ನಮ್ಮ ಮಾವನ ಮಗ ದುಬೈಯಿಂದ ತಂದುಕೊಟ್ಟಿದ್ದ ಯಂತ್ರ ಅದು. ಅದರ ಮುಖದ ಮೇಲೆ ಸ್ಕೂಟರಿನ ಮೈಲಿ ಲೆಕ್ಕದ ಹಾಗೆ ಉರುಳುವ ಮೂರು ಅಂಕಿಗಳ ಒಂದು ಕಿಟಕಿ ಇತ್ತು. ಟೇಪಿನ ಚಕ್ರ ತಿರುಗಿದಂತೆ ಆ ಅಂಕಿ ಏರುತ್ತಿತ್ತು, ಹಿಂದಕ್ಕೆ ಸುತ್ತಿದರೆ ಇಳಿಯುತ್ತಿತ್ತು. ಪಕ್ಕದಲ್ಲೊಂದು ಪುಟ್ಟ ಗುಂಡಿ. ಎಲ್ಲಿ ಅದನ್ನು ಒತ್ತುತ್ತೇವೋ ಅಲ್ಲಿ ಮೂರು ಸೊನ್ನೆ ಬರುತ್ತಿತ್ತು. ಅದರ ಕೆಳಗೆ ಮೆಮೊರಿ ಎಂಬ ಇನ್ನೊಂದು ಗುಂಡಿ. ಅದನ್ನು ಒತ್ತಿಟ್ಟರೆ, ರಿವೈಂಡ್ ಮಾಡುವಾಗ ಟೇಪು ಮೊದಲಿನ ತನಕ ಓಡದೆ ಸೊನ್ನೆಯ ಹತ್ತಿರ ಬಂದು ತಾನೇ ನಿಲ್ಲುತ್ತಿತ್ತು. ಆಮೇಲೆ ಪ್ಲೇ ಒತ್ತಿದರೆ ಅದೇ ತುಂಡು ಮತ್ತೆ ಶುರು. ಯಂತ್ರ ಒಂದು ತುದಿಯನ್ನು ಹಿಡಿದುಕೊಳ್ಳುತ್ತಿತ್ತು. ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬರು ಬೇಕಿತ್ತು, ಅದು ನನ್ನ ಕೆಲಸ. ಅಂಕಿ ಇಪ್ಪತ್ತೆರಡಕ್ಕೆ ಬಂದ ಕೂಡಲೇ ಸ್ಟಾಪ್, ರಿವೈಂಡ್. ಅದು ನಿಂತ ಮೇಲೆ ಮತ್ತೆ ಪ್ಲೇ. ಹೀಗೆ ಒಂದು ಗಂಟೆಯಲ್ಲಿ ಮೂವತ್ತು ಸಲವೋ ನಲವತ್ತು ಸಲವೋ.

ಕ್ಯಾಸೆಟ್ಟಿನಲ್ಲಿ ಇದ್ದದ್ದು ಅಕ್ಕನೇ. ರಾಜಾಜಿನಗರದ ಒಂದು ಸಭಾಂಗಣದಲ್ಲಿ ಅವಳು ಕೊನೆಯ ಸಲ ಕುಣಿದದ್ದನ್ನು ಮದುವೆ ವೀಡಿಯೋ ತೆಗೆಯುವವರೊಬ್ಬರು ಹಿಡಿದಿದ್ದರು. ಅದಾದ ಮೇಲೆ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಇನ್ನು ಕುಣಿಯಬಾರದು ಎಂದಿದ್ದರು. ಚಿಕ್ಕಂದಿನಲ್ಲಿ ಬಂದಿದ್ದ ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತಂತೆ. ಅಕ್ಕ ಅವರ ಮಾತನ್ನು ಮೀರಲಿಲ್ಲ. ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕೋಲಿನಿಂದ ತಾಳ ಹಾಕುವ ತಟ್ಟುಮಣೆ ಇಟ್ಟುಕೊಂಡು, ಕೂತೇ ಪಾಠ ಹೇಳುತ್ತಿದ್ದಳು. ಕೂತು ಹೇಳಿಕೊಡಲು ಆಗದ್ದನ್ನು ಟೀವಿಯ ಅಕ್ಕ ಹೇಳಿಕೊಡುತ್ತಿದ್ದಳು.

ಹಾಗೆ ಆಗದ್ದು, ಕಾರ್ಯಕ್ರಮ ಮುಗಿಸಲು ಕುಣಿಯುವ ತಿಲ್ಲಾನದ ಕೊನೆಯ ತೀರ್ಮಾನ. ನೃತ್ಯದಲ್ಲಿ ಒಂದು ಭಾಗವನ್ನು ಮುಗಿಸಲು ಮೂರು ಸಲ ಹಾಕುವ ಹೆಜ್ಜೆಗಳ ಕಟ್ಟಿಗೆ ತೀರ್ಮಾನ ಎನ್ನುತ್ತಾರೆ. ಅದನ್ನು ಅಕ್ಕ ತಾನೇ ಕಟ್ಟಿದ್ದಳು. ಎಲ್ಲೂ ಬರೆದಿಟ್ಟಿರಲಿಲ್ಲ. ಮೂರನೆಯ ಸಲ ಬರುವಾಗ ನೆಲದಿಂದ ಹಾರಿ, ಎಡಕ್ಕೆ ಒಂದು ಸುತ್ತು ತಿರುಗಿ, ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ನಿಲ್ಲಬೇಕು. ಎದುರುಮನೆಯ ಆಂಟಿ ಒಮ್ಮೆ ಕಾಂಪೌಂಡಿನಿಂದಲೇ ಕೇಳಿದ್ದರು, "ಏನಮ್ಮಾ, ಒಂದ್ ವಾರದಿಂದ ತೀರ್ಮಾನ ತೀರ್ಮಾನ ಅಂತಿದೀರ, ಗಂಡಿನ ಕಡೆಯವರು ಏನಂತಾರೆ?" ಅಕ್ಕ ನಗದೆ ಹೇಳಿದ್ದಳು, "ಗಂಡು ಒಪ್ಪಿದಾನೆ ಆಂಟಿ. ತಾಳ ಒಪ್ತಿಲ್ಲ."

ಕಲಿಯುತ್ತಿದ್ದ ಹುಡುಗಿ ಕೆಂಗೇರಿ ಕಡೆಯ ಉಲ್ಲಾಳದವಳು. ಆಗ ಉಲ್ಲಾಳ ಇನ್ನೂ ಹಳ್ಳಿಯೇ. ಅವರದು ರಾಗಿ ಬೆಳೆಯುವ ಮನೆ. ಕಾಲೇಜಿಗೆ ಸೇರಿ ಒಂದು ವರ್ಷವಾಗಿತ್ತು. ಬಸ್ಸಿಗೆ ಅರ್ಧ ಗಂಟೆ ಕಾದು, ಅಭ್ಯಾಸದ ಸೀರೆಯ ಚೀಲ ಹಿಡಿದು ಬರುತ್ತಿದ್ದಳು. ಚಂದ್ರಾ ಲೇಔಟಿನ ಗಣೇಶನ ಪೆಂಡಾಲಿನಲ್ಲಿ ಅವಳಿಂದ ಆ ತಿಲ್ಲಾನ ಮಾಡಿಸುವುದು ಎಂದು ಅಕ್ಕ ನಿಶ್ಚಯಿಸಿದ್ದಳು. ತನ್ನ ಕೈಯಿಂದ ಆಗದ್ದು ಅವಳ ಕಾಲಿಗೆ ದಾಟಬೇಕು ಎಂಬ ಹಟ.

ಆ ಶನಿವಾರ ಸೊನ್ನೆ ಹುಡುಕುತ್ತಾ ಅಕ್ಕ ಟೇಪನ್ನು ಒಂದು ಕಡೆ ನಿಲ್ಲಿಸಿದಳು. ಹೆಜ್ಜೆ ಶುರುವಾಗುವುದಕ್ಕೆ ಸರಿಯಾಗಿ ಒಂದು ಆವರ್ತನ ಮುಂಚೆ. ಎಂಟು ಎಣಿಕೆ.

"ನೀನ್ ಇಟ್ರೆ ಹೆಜ್ಜೆ ತಲೆ ಮೇಲೇ ಇಡ್ತೀಯ," ಎಂದಳು ನನಗೆ. "ಮೊದಲನೇ ಸಲ ಹಂಗೇ ಮಾಡಿದ್ದೆ, ನೆನಪಿದ್ಯಾ?"

ನೆನಪಿತ್ತು. ಮೊದಲ ಸಲ ನಾನು ಸೊನ್ನೆಯನ್ನು ಹೆಜ್ಜೆ ಬೀಳುವ ಕ್ಷಣಕ್ಕೇ ಇಟ್ಟಿದ್ದೆ. ಟೀವಿಯಲ್ಲಿ ಚಿತ್ರ ಬರುವ ಹೊತ್ತಿಗೆ ಹೆಜ್ಜೆ ಬಿದ್ದಾಗಿರುತ್ತಿತ್ತು. ಹುಡುಗಿ ಪ್ರತಿ ಸಲವೂ ಒಂದು ಎಣಿಕೆ ಹಿಂದೆ ಬೀಳುತ್ತಿದ್ದಳು. ಎರಡು ದಿನ ಅವಳನ್ನೇ ಬೈದು, ಮೂರನೆಯ ದಿನ ಅಕ್ಕನಿಗೆ ತಪ್ಪು ನನ್ನದೆಂದು ಹೊಳೆಯಿತು.

"ಉಸಿರಿಗೆ ಜಾಗ ಬಿಡ್ಬೇಕು ಕಣೇ," ಎಂದು ಹೇಳುತ್ತಾ ಹೆಬ್ಬೆರಳಿನಿಂದ ಆ ಗುಂಡಿ ಒತ್ತಿದಳು. ಮೂರು ಸೊನ್ನೆ ಬಂದವು. ಮೆಮೊರಿಯನ್ನೂ ಒತ್ತಿದಳು. "ಹೂಂ. ಈಗ ಯಾರಾದ್ರೂ ಸಿನಿಮಾ ಗಿನಿಮಾ ಅಂದ್ರೆ ಮಷಿನ್ ಕೆಟ್ಟೋಗಿದೆ ಅನ್ನು."

ಹಾಗೆ ಬಿಟ್ಟ ಜಾಗದಲ್ಲಿ ಟೀವಿಯ ಅಕ್ಕ ಸುಮ್ಮನೆ ನಿಂತಿರುತ್ತಿದ್ದಳು. ಹಿಂದಿನ ಭಾಗ ಮುಗಿಸಿ, ವೇದಿಕೆಯ ನಡುವೆ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು. ಇನ್ನೊಂದು ಕೈ ಕೆಳಗೆ ಬಿಟ್ಟಿರುತ್ತಿತ್ತು. ಆ ಕೈಯ ಉಂಗುರ ಬೆರಳು ಸೀರೆಯ ನೆರಿಗೆಯ ಮೇಲೆ ಮೆಲ್ಲಗೆ ತಾಳ ಎಣಿಸುತ್ತಿತ್ತು. ಸಭೆಗೆ ಕಾಣದ ಹಾಗೆ. ಅಂಕಿ ಆರಕ್ಕೆ ಬರುವಾಗ ಅವಳ ಭುಜ ಒಂದು ಸ್ವಲ್ಪ ಮೇಲೇರಿ ಇಳಿಯುತ್ತಿತ್ತು. ಆಮೇಲೆ ಹೆಜ್ಜೆ.

ಹುಡುಗಿ ಬಂದಳು. ಸೀರೆ ಕಟ್ಟಿ ಟೀವಿಯ ಮುಂದೆ ನಿಂತಳು. ಹನ್ನೆರಡು ಸಲ ಆಗಿರಬಹುದು. ಪ್ರತಿ ಸಲವೂ ಮೂರನೆಯ ಸುತ್ತಿನಲ್ಲಿ ಬಲಕ್ಕೆ ತಿರುಗಿ, ತಪ್ಪು ಕಾಲಿನ ಮೇಲೆ ಇಳಿದಳು.

"ಎಡಕ್ಕೆ ಕಣೇ," ಎಂದಳು ಅಕ್ಕ.

"ಮಿಸ್, ನೀವು ಅಲ್ಲಿ ಆ ಕಡೆಗೇ ತಿರುಗ್ತಿದೀರಲ್ಲ."

"ನಾನು ನಿನ್ ಕಡೆ ಮುಖ ಮಾಡಿದೀನಿ. ನನ್ ಎಡ ನಿನಗೆ ಬಲ."

"ಗೊತ್ತು ಮಿಸ್. ತಲೆಗೆ ಗೊತ್ತು. ಕಾಲು ಟೀವಿ ನೋಡ್ಕೊಂಡು ಹೋಗ್ತದೆ."

ಅಕ್ಕ ತಟ್ಟುಕೋಲನ್ನು ಮಡಿಲಲ್ಲಿಟ್ಟುಕೊಂಡು ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿದಳು. ಮೂಲೆಯಲ್ಲಿ ಅಮ್ಮನ ಕಾಲದ ಕಬ್ಬಿಣದ ಬೀರು ಇತ್ತು, ಅದರ ಬಾಗಿಲಿಗೆ ಆಳುದ್ದದ ಕನ್ನಡಿ. "ಬೀರುನ ಟೀವಿ ಎದುರಿಗೆ ಆ ಗೋಡೆಗೆ ಇಟ್ರೆ?" ಎಂದಳು. "ಇವಳು ಟೀವಿಗೆ ಬೆನ್ನು ಹಾಕಿ ಕನ್ನಡಿ ನೋಡ್ಲಿ. ಅದ್ರಲ್ಲಿ ನಾನೂ ಇವಳ ಜೊತೆ ಒಂದೇ ಕಡೆಗೆ ನಿಂತಿರ್ತೀನಿ. ನನ್ ಎಡ, ಅವಳ್ ಎಡ, ಎರಡೂ ಒಂದೇ ಪಕ್ಕ."

"ಈಗಲೇ ತಳ್ಳೋಣ್ವಾ?" ಎಂದೆ.

"ಬೇಡ, ನಾಳೆ. ಒಳಗಿರೋ ಬಟ್ಟೆ ಎಲ್ಲಾ ತೆಗೀಬೇಕು. ಇವತ್ತು ಸಾಕು."

ಸಂಜೆ ಅವಳು ಅಕ್ಕಿ ಉದ್ದು ನೆನೆಹಾಕಿದಳು. ಮೆಂತ್ಯ ಹಾಕಿದ್ದೀಯಾ ಎಂದು ನಾನು ಕೇಳಿದೆ, ಹಾಕಿದೀನಿ ಎಂದಳು. ಭಾನುವಾರ ಬೆಳಗ್ಗೆ ಒಲೆಯ ಹತ್ತಿರ ನಿಂತಿದ್ದವಳು ಏನೋ ಆಗ್ತಿದೆ ಎಂದು ಗೋಡೆ ಹಿಡಿದುಕೊಂಡಳು. ಆಟೋ ಸಿಕ್ಕಿತು. ಆಸ್ಪತ್ರೆ ಹತ್ತಿರವೇ ಇತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಮುಗಿದಿತ್ತು.

*

ದೊಡ್ಡಪ್ಪನ ಮನೆಯವರು ಬಂದು ಎಲ್ಲಾ ಕಾರ್ಯ ನಡೆಸಿದರು. ಟೀವಿಗೂ ವಿಸಿಆರಿಗೂ ಯಾರೋ ಒಂದು ಬಿಳಿ ಪಂಚೆ ಹೊದಿಸಿದರು. ಮನೆಯಲ್ಲಿ ನಾನಲ್ಲದೆ ಇನ್ನು ಯಾರೂ ಇಲ್ಲ ಎಂಬ ಮಾತು ಹದಿಮೂರು ದಿನವೂ ಒಂದಲ್ಲ ಒಂದು ರೀತಿಯಲ್ಲಿ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಒಂದೇ ಒಂದು ವಿಷಯದಲ್ಲಿ ಬಾಯಿ ಬಿಟ್ಟೆ. ಬಂದಿದ್ದವರು ಬೇಜಾರು ಕಳೆಯಲು ಭಕ್ತಿಯ ಚಿತ್ರವೊಂದರ ಕ್ಯಾಸೆಟ್ ತರಿಸಿ ಪಂಚೆ ಸರಿಸುತ್ತಿದ್ದರು.

"ಮಷಿನ್ ಕೆಟ್ಟೋಗಿದೆ," ಎಂದೆ.

ದೊಡ್ಡಮ್ಮ ನನ್ನ ಮುಖ ನೋಡಿದರು. "ದೇವ್ರ ಚಿತ್ರ ಕಣಮ್ಮಾ."

"ಯಾವ್ದಾದ್ರೂ ಆಗ್ಲಿ ದೊಡ್ಡಮ್ಮ. ಕೆಟ್ಟೋಗಿದೆ."

ಅದರೊಳಗೆ ಕ್ಯಾಸೆಟ್ ಇನ್ನೂ ಹಾಗೇ ಇತ್ತು. ಕಿಟಕಿಯಲ್ಲಿ ಇಪ್ಪತ್ತೆರಡು ನಿಂತಿತ್ತು. ಕೊನೆಯ ಸಲ ನಾನು ಸ್ಟಾಪ್ ಒತ್ತಿದ್ದೆ, ರಿವೈಂಡ್ ಒತ್ತಿರಲಿಲ್ಲ. ಉರುಳುವ ಅಂಕಿ ಆದ್ದರಿಂದ ಕರೆಂಟು ಹೋದರೂ ಅದು ಕದಲುತ್ತಿರಲಿಲ್ಲ. ಬೇರೆ ಕ್ಯಾಸೆಟ್ ಹಾಕಿ ಓಡಿಸಿದರೆ ಮಾತ್ರ ಹಾಳಾಗುತ್ತಿತ್ತು. ಅಕ್ಕ ತನ್ನ ಬೆರಳಿನಿಂದ ಮಾಡಿಟ್ಟ ಕೆಲಸಗಳಲ್ಲಿ, ನೆನೆಹಾಕಿದ ಅಕ್ಕಿಯನ್ನು ಮಾರನೆಯ ದಿನ ಯಾರೋ ಚೆಲ್ಲಿದ್ದರು. ಉಳಿದದ್ದು ಈ ಸೊನ್ನೆ.

ಎಲ್ಲರೂ ಹೋದ ಮೇಲಿನ ವಾರ ಉಲ್ಲಾಳದ ಹುಡುಗಿ ಅವಳ ತಾಯಿಯ ಜೊತೆ ಬಂದಳು. ತಾಯಿ ಬಾಗಿಲಲ್ಲೇ ಕೂತರು, ಕುರ್ಚಿ ಬೇಡ ಎಂದರು. ಮಡಿಲಲ್ಲಿ ರಾಗಿ ಹಿಟ್ಟಿನ ಒಂದು ಗಂಟು ಇತ್ತು.

"ನಿಮ್ಮಕ್ಕಾರು ದೊಡ್ ಮನಸ್ನೋರು," ಎಂದರು. "ಇನ್ ಇವಳ್ನ ಬೇರೆ ಕಡೀಕೆ ಸೇರ್ಸಾದ್ರೂ ಸೇರಿಸ್ತೀವಿ, ಇಲ್ಲಾ ಬಿಡಿಸ್ತೀವಿ. ಆದ್ರೆ ಇವಳು ಒಂದೇ ಹಟ ಮಾಡ್ತಾವ್ಳೆ."

ಹುಡುಗಿ ನೆಲ ನೋಡುತ್ತಾ ಹೇಳಿದಳು, "ಆಂಟಿ, ಆ ಕೊನೇದು ನನಗೆ ಬಂದಿಲ್ಲ. ಮಿಸ್ ಬಿಟ್ರೆ ಅದು ಯಾರಿಗೂ ಬರಲ್ಲ."

ಅದು ನಿಜ. ಅವಳು ಹಾಗೆ ಹೇಳುವ ತನಕ ನನಗೆ ಅದು ಹೊಳೆದಿರಲಿಲ್ಲ. ಆ ತೀರ್ಮಾನ ಈಗ ಆ ಕಪ್ಪು ಪೆಟ್ಟಿಗೆಯೊಳಗಲ್ಲದೆ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಗಣೇಶ ಹಬ್ಬಕ್ಕೆ ಆರು ವಾರ ಉಳಿದಿತ್ತು.

ನಾವು ಮೂವರೂ ಸೇರಿ ಬೀರುವಿನಲ್ಲಿದ್ದ ಅಕ್ಕನ ಸೀರೆಗಳನ್ನು ಹೊರಗೆ ತೆಗೆದೆವು. ಉಲ್ಲಾಳದ ತಾಯಿ ಸೆರಗು ಸಿಕ್ಕಿಸಿ ಒಂದು ಪಕ್ಕ ಎತ್ತಿದರು. "ಇದೇನ್ ಕಬ್ಬಿಣಾನಾ, ಬೆಟ್ಟಾನಾ," ಎಂದರು. ಎದುರುಗೋಡೆಗೆ ಒರಗಿಸಿದೆವು. ನಾನು ಪಂಚೆ ತೆಗೆದು ರಿವೈಂಡ್ ಒತ್ತಿದೆ. ಯಂತ್ರ ಗರ್ ಎಂದು ಸುತ್ತಿ, ಅಕ್ಕ ಹೇಳಿದ್ದ ಜಾಗಕ್ಕೆ ಬಂದು ತಾನೇ ನಿಂತಿತು. ಟಕ್ ಎಂಬ ಅದೇ ಸದ್ದು. ಅಕ್ಕ ಹೇಳಿದ ಮಾತು ಕೇಳುವವರು ಆ ಮನೆಯಲ್ಲಿ ಇನ್ನೂ ಒಬ್ಬರಿದ್ದರು.

ಪ್ಲೇ ಒತ್ತಿದೆ.

ಕನ್ನಡಿಯಲ್ಲಿ ಹುಡುಗಿ ನಿಂತಿದ್ದಳು. ಅವಳ ಭುಜದ ಹಿಂದೆ, ಸ್ವಲ್ಪ ಚಿಕ್ಕದಾಗಿ, ಅಕ್ಕ ನಿಂತಿದ್ದಳು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು, ನನ್ನ ಕಡೆ. ಅಕ್ಕನ ಉಂಗುರ ಬೆರಳು ನೆರಿಗೆಯ ಮೇಲೆ ಎಣಿಸುತ್ತಿತ್ತು. ನಾನು ಟೀವಿಯ ಪಕ್ಕ ನೆಲದ ಮೇಲೆ ಕೂತಿದ್ದರಿಂದ ಕನ್ನಡಿಯ ಕೆಳತುದಿಯಲ್ಲಿ ನನ್ನ ತಲೆಯೂ ಕಾಣುತ್ತಿತ್ತು. ಬಾಗಿಲಲ್ಲಿದ್ದ ತಾಯಿ, "ಅಯ್ಯೋ ಶಿವನೇ," ಎಂದು ಮೆಲ್ಲಗೆ ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ನಾಲ್ಕನೆಯ ಸಲಕ್ಕೆ ಹುಡುಗಿ ಎಡಕ್ಕೆ ತಿರುಗಿದಳು. ಅಕ್ಕ ಹೇಳಿದ್ದು ಸರಿಯಾಗಿತ್ತು.

*

ವಾರಕ್ಕೆ ಮೂರು ದಿನ ಅವಳು ಬರುತ್ತಿದ್ದಳು. ಉಳಿದ ದಿನ ಮಧ್ಯಾಹ್ನ ಮೂರು ಗಂಟೆಗೆ ಮನೆಗೆ ಬಂದರೆ ನಾನೊಬ್ಬಳೇ. ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ನನ್ನದು. ಕೈಗೆ ಕೆಲಸ ಇದ್ದಷ್ಟು ಹೊತ್ತು ಏನೂ ಅನ್ನಿಸುತ್ತಿರಲಿಲ್ಲ. ಮನೆಯ ಬೀಗ ತೆಗೆಯುವಾಗ ಅನ್ನಿಸುತ್ತಿತ್ತು. ಹಾಗಾಗಿ ಚಪ್ಪಲಿ ಬಿಟ್ಟವಳೇ ಮೊದಲು ಯಂತ್ರದ ಮುಂದೆ ಕೂರುವುದು ರೂಢಿಯಾಯಿತು.

ನನಗೆ ಹೆಜ್ಜೆ ಬೇಕಿರಲಿಲ್ಲ. ನಾನು ಕುಣಿಯುವವಳಲ್ಲ. ನನಗೆ ಬೇಕಿದ್ದದ್ದು ಸೊನ್ನೆಯಿಂದ ಆರರ ತನಕ. ಅವಳು ಏನೂ ಮಾಡದೆ ನಿಂತಿರುವ ಆ ಎಂಟು ಎಣಿಕೆ. ಕುಣಿಯುವಾಗ ಅಕ್ಕ ಬೇರೆ ಯಾರೋ ಆಗಿಬಿಡುತ್ತಿದ್ದಳು, ಕಣ್ಣಿಗೆ ಕಾಡಿಗೆ ತೀಡಿದ, ಎಲ್ಲರಿಗೂ ಸೇರಿದ ಒಬ್ಬಳು. ಸುಮ್ಮನೆ ನಿಂತಾಗ ಮಾತ್ರ ಬಸ್ ಸ್ಟಾಪಿನಲ್ಲಿ ನಿಂತ ಅಕ್ಕನ ಹಾಗೆ ಕಾಣುತ್ತಿದ್ದಳು.

ಎಂಟು ಎಣಿಕೆ ಬೇಗ ಮುಗಿದುಹೋಗುತ್ತಿತ್ತು. ಒಂದು ದಿನ ಪಾಜ್ ಗುಂಡಿ ಒತ್ತಿದೆ.

ಚಿತ್ರ ನಿಂತಿತು. ಪೂರ್ತಿ ನಿಲ್ಲಲಿಲ್ಲ. ಆ ಯಂತ್ರಗಳಲ್ಲಿ ನಿಲ್ಲಿಸಿದ ಚಿತ್ರ ಒಂದೇ ಸಮನೆ ಸಣ್ಣಗೆ ನಡುಗುತ್ತಿರುತ್ತಿತ್ತು. ಅಡ್ಡಕ್ಕೆ ಒಂದು ಬಿಳಿ ಪಟ್ಟೆ ಬರುತ್ತಿತ್ತು. ಅದು ಅಕ್ಕನ ಮುಖದ ಮೇಲೆ ಬಿದ್ದರೆ, ಪ್ಲೇ ಒತ್ತಿ, ಹಿಂದಕ್ಕೆ ಹೋಗಿ, ಮತ್ತೆ ಪಾಜ್ ಒತ್ತುತ್ತಿದ್ದೆ. ಪಟ್ಟೆ ಕೆಳಗಿಳಿದು ಕಾಲಿನ ಹತ್ತಿರ ಬರುವ ತನಕ ಹೀಗೇ. ಆಮೇಲೆ ಮುಖ ಸ್ಪಷ್ಟ. ನಡುಕದಿಂದ ಅವಳು ಉಸಿರಾಡುತ್ತಿರುವ ಹಾಗೆ ಕಾಣುತ್ತಿತ್ತು. ಐದು ನಿಮಿಷವಾದ ಮೇಲೆ ಯಂತ್ರ ತಾನೇ ಕಟ್ಟೆಂದು ಬಿಟ್ಟುಬಿಡುತ್ತಿತ್ತು. ನಾನು ಮತ್ತೆ ಒತ್ತುತ್ತಿದ್ದೆ. ಅದು ಯಾಕೆ ಹಾಗೆ ತಾನೇ ಬಿಟ್ಟುಬಿಡುತ್ತದೆ ಎಂದು ಯೋಚಿಸಲಿಲ್ಲ.

ಕೆಲವೊಮ್ಮೆ ಎದ್ದು ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ಆಗ ನನ್ನ ಭುಜದ ಹಿಂದೆ ಅವಳು. ಹಿಂತಿರುಗಿ ನೋಡುತ್ತಿರಲಿಲ್ಲ. ಹಿಂತಿರುಗಿದರೆ ಅದು ಟೀವಿ ಎಂದು ಗೊತ್ತಾಗುತ್ತಿತ್ತು.

ನಮ್ಮ ಮುಖ್ಯರಸ್ತೆಯಲ್ಲಿ ವೀಡಿಯೋ ಲೈಬ್ರರಿ ಇಟ್ಟುಕೊಂಡಿದ್ದವರನ್ನು ನಾವೆಲ್ಲಾ ಅಣ್ಣ ಎನ್ನುತ್ತಿದ್ದೆವು. ಅಕ್ಕ ಇದ್ದಾಗಲೇ ಅವರು ಒಂದು ಉಪಾಯ ಹೇಳಿದ್ದರು. ಎರಡು ವಿಸಿಆರ್ ಜೋಡಿಸಿ ಆ ತುಂಡನ್ನೇ ಇನ್ನೊಂದು ಕ್ಯಾಸೆಟ್ಟಿಗೆ ಇಪ್ಪತ್ತು ಸಲ ಸಾಲಾಗಿ ಇಳಿಸಿಕೊಡ್ತೀನಿ, ಗುಂಡಿ ಒತ್ತೋ ಕಷ್ಟ ಇರಲ್ಲ ಅಂತ. ಅಕ್ಕ ಒಪ್ಪಿರಲಿಲ್ಲ. ಇಳಿಸಿದ ಚಿತ್ರದಲ್ಲಿ ಪಾದ ಕಲಸಿಹೋಗುತ್ತದೆ, ಹಿಮ್ಮಡಿಯೋ ಬೆರಳೋ ಗೊತ್ತಾಗುವುದಿಲ್ಲ ಎಂದಿದ್ದಳು. ದೊಡ್ಡಪ್ಪನ ಮಗ, ಹಾಡಿನ ಕ್ಯಾಸೆಟ್ಟಿನ ಹಾಗೆ ಅಷ್ಟು ಟೇಪನ್ನು ಕತ್ತರಿಸಿ ಅಂಟಿಸಿದರಾಯಿತಲ್ಲ ಎಂದಾಗ ಅಣ್ಣ ಕೈ ಮುಗಿದಿದ್ದರು. "ಕತ್ತರಿ ಮಾತ್ರ ತರಬೇಡಿ ಸಾರ್. ಆ ಅಂಟು ಟೇಪ್ ಓದೋ ಹೆಡ್ಡಿಗೆ ಹತ್ತಿದ್ರೆ ಮಷಿನ್ನೂ ಹೋಯ್ತು, ಕ್ಯಾಸೆಟ್ಟೂ ಹೋಯ್ತು."

ಅಕ್ಕ ಹೋದ ಒಂದು ತಿಂಗಳಿಗೆ ಅವರು ದಾರಿಯಲ್ಲಿ ಸಿಕ್ಕರು.

"ಒಂದೇ ಕ್ಯಾಸೆಟ್ ಅಲ್ವೇನಮ್ಮಾ ಅದು?" ಎಂದರು. "ಒಂದ್ ಕಾಪಿ ಇಟ್ಕೊಳ್ಳಿ. ಒಂದ್ ದಿನ ನನ್ ಅಂಗಡೀಲಿ ಬಿಡಿ ಸಾಕು. ನೀವ್ ಏನೂ ಕೊಡ್ಬೇಡಿ."

"ಕ್ಯಾಸೆಟ್ ಆಚೆ ತೆಗೆದ್ರೆ ಸೊನ್ನೆ ಹೋಗುತ್ತೆ ಅಣ್ಣ."

"ಯಾವ ಸೊನ್ನೆ?"

"ಅಕ್ಕ ಇಟ್ಟಿದ್ದು."

"ಆ ಕೌಂಟರ್ರಾ? ಅದೇನ್ ಮಹಾ ಅಮ್ಮಾ. ಒಂದ್ಸಲ ಟೇಪ್ ಪೂರ್ತಿ ಹಿಂದಕ್ಕೆ ಸುತ್ತಿ, ಮೊದಲಿಂದ ಎಷ್ಟು ಅಂಕಿ ಅಂತ ಬರ್ಕೊಂಡ್ರೆ ಆಯ್ತು. ಹೆಚ್ಚು ಕಮ್ಮಿ ಅದೇ ಜಾಗಕ್ಕೆ ಬರುತ್ತೆ."

ಹೆಚ್ಚು ಕಮ್ಮಿ ಎಂಬ ಮಾತು ನನಗೆ ಹಿಡಿಸಲಿಲ್ಲ. "ನೋಡ್ತೀನಿ ಅಣ್ಣ," ಎಂದೆ.

ಹೊರಟವರು ಮತ್ತೆ ನಿಂತರು. "ಹಾಕ್ಕೊಂಡು ನೋಡಿ, ಎಷ್ಟ್ ಸಲ ಬೇಕಾದ್ರೂ ನೋಡಿ. ಪಾಜ್ ಮಾತ್ರ ಜಾಸ್ತಿ ಇಡ್ಬೇಡಿ. ಟೇಪ್ ನಿಂತಿರುತ್ತೆ, ಹೆಡ್ ತಿರುಗ್ತಾನೇ ಇರುತ್ತೆ. ಒಂದೇ ಕಡೆ ಉಜ್ಜುತ್ತೆ."

ಹೂಂ ಎಂದೆ. ಆ ಮಧ್ಯಾಹ್ನವೂ ಮನೆಗೆ ಹೋಗಿ ಪಾಜ್ ಒತ್ತಿದೆ. ಅವರ ಮಾತು ಅರ್ಥವಾಗಿರಲಿಲ್ಲ ಎಂದು ಹೇಳಲಾರೆ. ಅರ್ಥವಾಗಿತ್ತು. ಇವತ್ತೊಂದು ದಿನ ಎಂದುಕೊಂಡೆ. ದಿನವೂ ಹಾಗೇ ಅಂದುಕೊಂಡೆ.

*

ಹಬ್ಬಕ್ಕೆ ಎರಡು ವಾರ ಇರುವಾಗ ಹುಡುಗಿ ಕನ್ನಡಿಯಲ್ಲಿ ನೋಡುತ್ತಾ ಹೇಳಿದಳು, "ಆಂಟಿ, ಮಿಸ್ ಮುಖದ ಮೇಲೆ ಗೆರೆ ಬರ್ತಿದೆ."

ನಾನೂ ನೋಡಿದ್ದೆ. ಸೊನ್ನೆ ದಾಟಿದ ಕೂಡಲೇ ಸಣ್ಣ ಬಿಳಿ ಚುಕ್ಕೆಗಳು ಮಳೆಹುಳುಗಳ ಹಾಗೆ ಮಿನುಗಿ ಹೋಗುತ್ತಿದ್ದವು. ಆಮೇಲೆ ಅಡ್ಡಗೆರೆ. ಹೆಜ್ಜೆ ಶುರುವಾದ ಮೇಲೆ ಚಿತ್ರ ಮೊದಲಿನ ಹಾಗೇ ಇತ್ತು.

"ಹೆಜ್ಜೆ ಕಾಣ್ತಿದೆಯಲ್ಲ?" ಎಂದೆ.

"ಹೆಜ್ಜೆ ಚೆನ್ನಾಗೇ ಕಾಣ್ತಿದೆ. ಅದಕ್ಕೆ ಮುಂಚೆ ಮಾತ್ರ."

"ಹಂಗಾದ್ರೆ ನಿಂದು ನೀನು ಮಾಡು."

ಅವಳು ಮತ್ತೆ ಕನ್ನಡಿಯ ಕಡೆ ತಿರುಗಿ ಕಾಲು ಜೋಡಿಸಿ ನಿಂತಳು. ನನ್ನ ದನಿ ಗಡುಸಾಗಿತ್ತು ಎಂದು ಆಮೇಲೆ ಅನ್ನಿಸಿತು. ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಹೇಳಿದ್ದರೆ, ಬಹುಶಃ ಅವಳು ಅಣ್ಣನ ಅಂಗಡಿಗೆ ತಾನೇ ಕ್ಯಾಸೆಟ್ ತೆಗೆದುಕೊಂಡು ಹೋಗುತ್ತಿದ್ದಳು. ಹೇಳಲು ನಾಚಿಕೆಯಾಯಿತು.

ಅಂದಿನಿಂದ ಪಾಜ್ ಒತ್ತುವುದನ್ನು ಬಿಟ್ಟೆ. ಮೂರು ದಿನ ಬಿಟ್ಟೆ. ನಾಲ್ಕನೆಯ ದಿನ, ಎಷ್ಟು ಉಳಿದಿದೆ ನೋಡೋಣ ಎಂದು ಒತ್ತಿದೆ. ಮುಖ ಬರಲಿಲ್ಲ. ಕಲಸಿಹೋದ ಬಿಳಿ ಚುಕ್ಕೆಗಳ ಹಿಂದೆ ಒಂದು ಆಕಾರ ನಿಂತಿತ್ತು, ಅಷ್ಟೇ. ಪಟ್ಟೆ ಕೆಳಗಿಳಿಯಲಿ ಎಂದು ಮತ್ತೆ ಮತ್ತೆ ಪ್ರಯತ್ನಿಸಿದೆ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ, ಮತ್ತೆ ಅದೇ ದಾರಿಯಲ್ಲಿ ಕೂಗಿಕೊಂಡು ವಾಪಸ್ ಬಂದ. ನಾನು ಅಷ್ಟು ಹೊತ್ತೂ ಒತ್ತುತ್ತಲೇ ಇದ್ದೆ.

ಕುಣಿತಕ್ಕೆ ಸಂಗೀತ ಬೇಕಲ್ಲ ಎಂದು ಒಂದು ದಿನ ಟೇಪ್ ರೆಕಾರ್ಡರನ್ನು ಟೀವಿಯ ಬಾಯಿಯ ಹತ್ತಿರ ಇಟ್ಟು, ಇಡೀ ತಿಲ್ಲಾನದ ಸದ್ದನ್ನು ಹಾಡಿನ ಕ್ಯಾಸೆಟ್ಟಿಗೆ ಇಳಿಸಿಕೊಂಡೆವು. ಚಿತ್ರ ಹೋದ ಜಾಗದಲ್ಲಿ ಸದ್ದು ಹೋಗಿರಲಿಲ್ಲ. ಸದ್ದು ಟೇಪಿನ ಅಂಚಿನಲ್ಲಿ ಬೇರೆಯಾಗಿ ಇರುತ್ತದಂತೆ. ಟೀವಿಯಲ್ಲಿ ಬಿಳಿ ಚುಕ್ಕೆಗಳು ಸುರಿಯುತ್ತಿದ್ದವು, ಅವುಗಳ ಒಳಗಿಂದ ತಾಳದ ಎಂಟು ಪೆಟ್ಟು ಒಂದೊಂದಾಗಿ, ಸ್ಪಷ್ಟವಾಗಿ ಕೇಳುತ್ತಿತ್ತು. ಎಂಟಾದ ಮೇಲೆ ಅಕ್ಕ ಚುಕ್ಕೆಗಳಿಂದ ಹೊರಗೆ ಬಂದು ಹೆಜ್ಜೆ ಹಾಕುತ್ತಿದ್ದಳು.

*

ಪೆಂಡಾಲಿನಲ್ಲಿ ಜನ ಇದ್ದರು. ಮೈಕಿನವನು ಹುಡುಗಿಯ ಊರನ್ನು ತಪ್ಪಾಗಿ ಕೆಂಗೇರಿ ಎಂದ, ಅವಳ ತಾಯಿ ಕೆಳಗಿನಿಂದಲೇ, "ಉಲ್ಲಾಳ, ಉಲ್ಲಾಳ" ಎಂದು ತಿದ್ದಿದರು. ನಾನು ಪರದೆಯ ಪಕ್ಕ ಟೇಪ್ ರೆಕಾರ್ಡರಿನ ಹತ್ತಿರ ಕೂತಿದ್ದೆ. ಅಲ್ಲೂ ನನ್ನ ಕೆಲಸ ಗುಂಡಿ ಒತ್ತುವುದೇ.

ತಿಲ್ಲಾನ ಕೊನೆಗೆ ಬಂತು. ಆ ಎಂಟು ಎಣಿಕೆ ಬಂತು. ಹುಡುಗಿ ನಡುವೆ ಬಂದು ನಿಂತಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎರಡೂ ಕೈ ಸೊಂಟದ ಮೇಲಿದ್ದವು. ಬೆರಳು ಅಲುಗಲಿಲ್ಲ. ಮುಖ ನಗುತ್ತಿತ್ತು. ಅವಳು ಮಾಡಿದ್ದು ಸರಿಯೇ, ಹಾಗೆಯೇ ನಿಲ್ಲಬೇಕೆಂದು ಅಕ್ಕನೇ ಎಲ್ಲರಿಗೂ ಹೇಳಿಕೊಡುತ್ತಿದ್ದಳು. ಬೆರಳಿನಲ್ಲಿ ಎಣಿಸುವುದು ಅಕ್ಕನ ಸ್ವಂತ ಕೆಟ್ಟ ಅಭ್ಯಾಸ. ಅವಳ ಗುರುಗಳು ಅದಕ್ಕೆ ಬೈಯುತ್ತಿದ್ದರಂತೆ.

ಒಂದು ಸಲ. ಎರಡು ಸಲ. ಮೂರನೆಯದರಲ್ಲಿ ಹುಡುಗಿ ಹಾರಿ, ಎಡಕ್ಕೆ ಸುತ್ತಿ, ಮೊದಲ ಪೆಟ್ಟಿನ ಮೇಲೆ ಇಳಿದಳು. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಅವಳು ಪರದೆಯ ಪಕ್ಕ ಬಂದು, ಬೆವರು ಒರೆಸಿಕೊಳ್ಳದೆ ಕೇಳಿದಳು, "ಬಂತಾ ಆಂಟಿ?"

"ಬಂತು," ಎಂದೆ. "ಪೂರ್ತಿ ಬಂತು."

ಅವಳು ಈಗ ಬೇರೆ ಊರಿನಲ್ಲಿದ್ದಾಳೆ. ಅವಳ ಹತ್ತಿರ ಕಲಿತವರೂ ಅದನ್ನು ಕುಣಿಯುತ್ತಾರಂತೆ, ಎಡಕ್ಕೇ ತಿರುಗುತ್ತಾರಂತೆ.

ಹಬ್ಬ ಮುಗಿದ ಮೇಲೆ ನಾನೇ ಕ್ಯಾಸೆಟ್ಟನ್ನು ಆಚೆ ತೆಗೆದು ಅಣ್ಣನ ಅಂಗಡಿಗೆ ಕೊಟ್ಟೆ. ತೆಗೆಯುವಾಗ ಕಿಟಕಿಯಲ್ಲಿ ಯಾವ ಅಂಕಿ ಇತ್ತು ಎಂದು ನೋಡಲಿಲ್ಲ. ಅವರು ತಮ್ಮ ಯಂತ್ರದ ಹೆಡ್ಡು ಒರೆಸಿ, ಹಾಕಿ, ಹಿಂದೆ ಮುಂದೆ ಓಡಿಸಿ ನೋಡಿದರು. ಟೇಪನ್ನು ಬೆಳಕಿಗೆ ಹಿಡಿದರು.

"ಮಷಿನ್ದು ತಪ್ಪಲ್ಲ ಅಮ್ಮಾ. ಇಲ್ಲಿ ಟೇಪ್ ಮೇಲಿನ ಲೇಪಾನೇ ಹೋಗಿದೆ. ಇಷ್ಟೇ ಇಷ್ಟು ಜಾಗ." ಎರಡು ಬೆರಳಿನ ನಡುವೆ ತೋರಿಸಿದರು. ಯಾಕೆ ಹೀಗಾಯಿತು ಎಂದು ಅವರು ಕೇಳಲಿಲ್ಲ. "ಉಳಿದಿದ್ದಕ್ಕೆಲ್ಲಾ ಕಾಪಿ ಮಾಡ್ಕೊಡ್ತೀನಿ. ಕುಣಿತ ಪೂರ್ತಿ ಇದೆ, ಅದೇ ಪುಣ್ಯ."

ಆ ಕಾಪಿ ನನ್ನ ಹತ್ತಿರ ಇದೆ. ಬೀರುವನ್ನು ಅದರ ಹಳೆಯ ಮೂಲೆಗೆ ತಳ್ಳಿಸಲಿಲ್ಲ, ಎದುರುಗೋಡೆಗೇ ಇದೆ. ಕಾಪಿಯಲ್ಲಿ ಅಕ್ಕನ ಹೆಜ್ಜೆ ಇದೆ. ತಾಳದ ಎಂಟು ಪೆಟ್ಟೂ ಇದೆ. ಅವಳು ಕುಣಿಯದೆ ನಿಂತಿದ್ದದ್ದು ಇಲ್ಲ.